ಮುಚ್ಚಳವನ್ನು ಹಿಡಿದಿರುವುದು ಯಾರು?

ಹೊಸ ಜಾಮ್ ಬಾಟಲಿ ತೆರೆಯದಿದ್ದಾಗ ಅದು ಮನೆಯಲ್ಲಿ ಕೈಯಿಂದ ಕೈಗೆ ಸಾಗುತ್ತದೆ. ಒಬ್ಬರು ಸೆರಗಿನಲ್ಲಿ ಹಿಡಿದು ತಿರುಗಿಸುತ್ತಾರೆ, ಇನ್ನೊಬ್ಬರು ಮೊಣಕಾಲ ನಡುವೆ ಇಟ್ಟುಕೊಂಡು ಹಲ್ಲು ಕಚ್ಚುತ್ತಾರೆ, ಮತ್ತೊಬ್ಬರು ಬಾಟಲಿಯ ತಳಕ್ಕೆ ನಾಲ್ಕು ಏಟು ಕೊಡುತ್ತಾರೆ. ಕೊನೆಗೆ ಯಾರ ಕೈಯಲ್ಲಿ ತೆರೆದುಕೊಂಡಿತೋ ಅವರದೇ ಬಲ ಎಂದು ಹೆಸರಾಗುತ್ತದೆ. ಅದಕ್ಕೂ ಮೊದಲು ಹಿಡಿದವರು ಎಷ್ಟು ಸಡಿಲಿಸಿ ಕೊಟ್ಟಿದ್ದರೋ ಯಾರೂ ಕೇಳುವುದಿಲ್ಲ.

ಈ ಗುದ್ದಾಟದಲ್ಲಿ ನಾವು ಕೇಳಿಕೊಳ್ಳದೇ ಬಿಡುವ ಪ್ರಶ್ನೆಯೊಂದಿದೆ. ಮುಚ್ಚಳವನ್ನು ಹಿಡಿದುಕೊಂಡಿರುವುದು ಯಾರು? ಸಾಮಾನ್ಯವಾಗಿ ಮೂರರಲ್ಲಿ ಒಂದು: ಹೊರಗಿನ ಗಾಳಿ, ಒಳಗಿನ ಅಂಟು, ಇಲ್ಲವೇ ನಮ್ಮದೇ ಜಾರುವ ಕೈ. ಗಾಳಿ ಹಿಡಿದ ಮುಚ್ಚಳಕ್ಕೆ ಮಾಡುವ ಉಪಾಯ ಅಂಟು ಹಿಡಿದದ್ದಕ್ಕೆ ನಾಟುವುದಿಲ್ಲ. ಕೈ ಜಾರುತ್ತಿದ್ದರೆ ಬಿಸಿನೀರು, ಚಮಚ ಯಾವುದೂ ಬೇಡ, ಒಂದು ರಬ್ಬರ್ ಬ್ಯಾಂಡ್ ಸಾಕು.

ಮೊದಲು ಗಾಳಿಯ ಲೆಕ್ಕ ನೋಡೋಣ. ಜಾಮ್, ಸಾಸ್, ಕೆಲವು ಉಪ್ಪಿನಕಾಯಿಗಳನ್ನು ಕಾರ್ಖಾನೆಯಲ್ಲಿ ಬಿಸಿಯಾಗಿರುವಾಗಲೇ ಗಾಜಿನ ಬಾಟಲಿಗೆ ತುಂಬಿ ತಗಡಿನ ಮುಚ್ಚಳ ಹಾಕುತ್ತಾರೆ. ಮುಚ್ಚುವ ಹೊತ್ತಿಗೆ ಮೇಲಿನ ಖಾಲಿ ಜಾಗದಲ್ಲಿ ಗಾಳಿಗಿಂತ ಹೆಚ್ಚಾಗಿ ಹಬೆಯೇ ತುಂಬಿರುತ್ತದೆ. ತಣ್ಣಗಾದಾಗ ಹಬೆ ನೀರಾಗಿ ಇಳಿಯುತ್ತದೆ, ಉಳಿದ ಅಲ್ಪ ಗಾಳಿಯೂ ಕುಗ್ಗುತ್ತದೆ. ಒಳಗೆ ಒತ್ತಡ ತಗ್ಗಿತು, ಹೊರಗಿನ ಗಾಳಿಯ ಒತ್ತಡ ಇದ್ದ ಹಾಗೇ ಇದೆ. ಸಮುದ್ರಮಟ್ಟದಲ್ಲಿ ಆ ಗಾಳಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 1 ಕಿಲೊ ಭಾರದಷ್ಟು ಒತ್ತುತ್ತಿರುತ್ತದೆ.

7 ಸೆಂಟಿಮೀಟರ್ ಅಗಲದ ಮುಚ್ಚಳದ ಹರವು ಸುಮಾರು 38 ಚದರ ಸೆಂಟಿಮೀಟರ್. ಒಳಗಿನ ಒತ್ತಡ ಹೊರಗಿನದರ ಅರ್ಧದಷ್ಟಿದೆ ಎಂದುಕೊಂಡರೆ ಮುಚ್ಚಳದ ಮೇಲೆ ಸದಾ ಕುಳಿತಿರುವ ಭಾರ ಹತ್ತಿರ ಹತ್ತಿರ 20 ಕಿಲೊ. ಕೆಳಗೆ ಮುಚ್ಚಳದ ಒಳ ಅಂಚಿನಲ್ಲಿ ರಬ್ಬರಿನಂಥ ಮೆತ್ತನೆಯ ಪದರ ಇರುತ್ತದೆ. ಈ ಭಾರ ಆ ಪದರವನ್ನು ಗಾಜಿನ ಬಾಯಿಗೆ ಅದುಮಿ ಹಿಡಿದಿರುತ್ತದೆ. ನಾವು ತಿರುಗಿಸಲು ಹೋದಾಗ ಎದುರಾಡುವುದು ಆ ತಿಕ್ಕಾಟ. ಅಂದ ಹಾಗೆ, ಮಂಗಳೂರಿನಲ್ಲಿ 20 ಕಿಲೊ ಹೊತ್ತ ಅದೇ ಬಾಟಲಿಯನ್ನು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿಗೆ ತಂದರೆ ಹೊರಗಿನ ಗಾಳಿ ತೆಳುವಾಗಿರುವುದರಿಂದ ಆ ಭಾರ ನಾಲ್ಕು ಕಿಲೊದಷ್ಟು ಇಳಿಯುತ್ತದೆ. ಘಟ್ಟ ಹತ್ತಿಸಿದರೆ ಮುಚ್ಚಳ ತುಸು ಮೆತ್ತಗಾಗುತ್ತದೆ ಎನ್ನಬಹುದು, ಆದರೆ ಅಷ್ಟಕ್ಕಾಗಿ ಯಾರೂ ಶಿರಾಡಿ ಹತ್ತಬೇಕಿಲ್ಲ.

ಏಕೆಂದರೆ ಈ ಇಡೀ ಭಾರವನ್ನು ಒಂದು ಕ್ಷಣದಲ್ಲಿ ಇಳಿಸಲು ಸಾಧ್ಯ. ಅಂಚಿನಲ್ಲಿ ಕೂದಲೆಳೆಯಷ್ಟು ಸಂದು ಬಿಟ್ಟರೆ ಗಾಳಿ ಒಳನುಗ್ಗುತ್ತದೆ, 'ಟಪ್' ಎಂದು ಸದ್ದಾಗುತ್ತದೆ, ಮುಚ್ಚಳದ ನಡುವಿನ ತಗ್ಗು ಮೇಲೆದ್ದು ಬರುತ್ತದೆ. ಆಮೇಲೆ ಮಗುವೂ ತಿರುಗಿಸಬಹುದು. ಇಲ್ಲಿ ಕೆಲಸಕ್ಕೆ ಬರುವುದು ಸನ್ನೆ, ಅಂದರೆ ಕಲ್ಲು ಎಬ್ಬಿಸಲು ಹಾರೆ ಹಾಕಿ ಮೀಟುವ ಆ ಹಳೆಯ ಉಪಾಯ. ಹಾರೆಯ ಜಾಗದಲ್ಲಿ ಸ್ಟೀಲಿನ ಊಟದ ಚಮಚ.

ಬಾಟಲಿಯನ್ನು ಒದ್ದೆ ಬಟ್ಟೆಯ ಮೇಲೆ ನೇರವಾಗಿ ನಿಲ್ಲಿಸಿ, ಅದರ ಹೊಟ್ಟೆಗೆ ದಪ್ಪ ಟವೆಲ್ ಸುತ್ತಿ ಒಂದು ಕೈಯಲ್ಲಿ ಹಿಡಿಯಿರಿ. ಚಮಚದ ಹಿಡಿ ಕೆಳಗೆ, ಬಟ್ಟಲಿನ ಭಾಗ ಮೇಲೆ ಇರಲಿ. ಬಟ್ಟಲಿನ ತುದಿಯನ್ನು ಮುಚ್ಚಳದ ಕೆಳ ಅಂಚಿಗೂ ಗಾಜಿಗೂ ನಡುವೆ ಇರುವ ಸಂದಿಗೆ ಏರಿಸಿ. ಉಬ್ಬಿದ ಬೆನ್ನು ಗಾಜಿನ ಕಡೆಗಿರಬೇಕು, ಬಾಟಲಿಯ ಭುಜಕ್ಕೆ ಆನಿಕೊಂಡಿರಬೇಕು. ಈಗ ಹಿಡಿಯನ್ನು ಮೆಲ್ಲನೆ ಬಾಟಲಿಯತ್ತ ಒತ್ತಿದರೆ ತುದಿ ಹೊರಕ್ಕೆ ಹೊರಳಿ ಮುಚ್ಚಳದ ಅಂಚನ್ನು ಗಾಜಿನಿಂದ ಆಚೆಗೆ ಎಳೆಯುತ್ತದೆ. ಆನಿದ ಜಾಗದಿಂದ ತುದಿಗೆ 2 ಸೆಂಟಿಮೀಟರ್, ಬೆರಳು ಒತ್ತುವ ಜಾಗಕ್ಕೆ 12 ಸೆಂಟಿಮೀಟರ್ ಇದ್ದರೆ ಬೆರಳಿನ 1 ಕಿಲೊ ಒತ್ತಡ ಅಂಚಿನಲ್ಲಿ 6 ಕಿಲೊ ಎಳೆತವಾಗುತ್ತದೆ. ಆದ್ದರಿಂದ ಬೆರಳ ಬಲ ಸಾಕು, ತೋಳಿನ ಬಲ ಬೇಡವೇ ಬೇಡ. ಸದ್ದು ಬರದಿದ್ದರೆ ಅಲ್ಲೇ ಜೋರು ಮಾಡಬೇಡಿ. ಈ ಮುಚ್ಚಳಗಳ ಒಳಗೆ ಗಾಜಿನ ತಿರುಪಿಗೆ ಸಿಕ್ಕಿಕೊಳ್ಳುವ ನಾಲ್ಕಾರು ಸಣ್ಣ ಕಚ್ಚುಗಳಿರುತ್ತವೆ. ಚಮಚ ಕಚ್ಚಿನ ಎದುರಿಗೇ ಬಂದಿದ್ದರೆ ಅಂಚು ಬಾಗುವುದಿಲ್ಲ. ಒಂದು ಬೆರಳಿನಗಲ ಪಕ್ಕಕ್ಕೆ ಸರಿಸಿ ಮತ್ತೆ ಒತ್ತಿದರೆ ಆಯಿತು.

ಇದೇ ಕೆಲಸಕ್ಕೆ ಹಲವರು ಚಾಕು ಹಿಡಿಯುತ್ತಾರೆ. ನನ್ನ ಮಟ್ಟಿಗೆ ಅಡುಗೆಮನೆಯಲ್ಲಿ ಚಾಕುವಿನ ಅತಿ ಕೆಟ್ಟ ಬಳಕೆ ಇದು. ಚಾಕುವಿನ ತುದಿ ತೆಳ್ಳಗೆ, ಮೀಟಿದರೆ ಮುರಿಯುತ್ತದೆ, ಇಲ್ಲವೇ ಚಿಮ್ಮಿ ಬಾಟಲಿ ಹಿಡಿದ ಕೈಗೇ ಬರುತ್ತದೆ. ಮುಚ್ಚಳದ ಅಂಚನ್ನು ಕಟ್ಟೆಗೆ ಕುಟ್ಟುವವರೂ ಇದ್ದಾರೆ. ತಗಡು ನೆಗ್ಗಿ ಗಾಳಿ ಹೋಗುವುದುಂಟು, ಆದರೆ ಗಾಜಿನ ಬಾಯಿಯ ಚೂರೊಂದು ಎದ್ದು ಜಾಮಿನೊಳಗೆ ಬಿದ್ದರೆ ಅದು ಕಣ್ಣಿಗೆ ಕಾಣುವುದಿಲ್ಲ. ತಳಕ್ಕೆ ಅಂಗೈಯಿಂದ ಬಡಿಯುವುದರಲ್ಲಿಯೂ ಅದೇ ಅಪಾಯವಿದೆ, ಗಾಜು ಒಡೆದರೆ ಕೈ ಅಲ್ಲೇ ಇರುತ್ತದೆ.

ಇನ್ನು ಬಿಸಿ. 'ಬಿಸಿನೀರು ಹಾಕಿದರೆ ಮುಚ್ಚಳ ಹಿಗ್ಗುತ್ತದೆ, ಸಡಿಲವಾಗುತ್ತದೆ' ಎಂದು ಶಾಲೆಯಲ್ಲಿ ಓದಿದ್ದೇವೆ. ನಿಜವೇ, ಆದರೆ ಎಷ್ಟು ಹಿಗ್ಗುತ್ತದೆ? 7 ಸೆಂಟಿಮೀಟರ್ ಅಗಲದ ಉಕ್ಕಿನ ತಗಡನ್ನು 30 ಡಿಗ್ರಿಯಿಂದ 70 ಡಿಗ್ರಿಗೆ ಬಿಸಿ ಮಾಡಿದರೆ ಅದರ ಅಗಲ ಹೆಚ್ಚುವುದು ಮಿಲಿಮೀಟರಿನ ನೂರನೇ ಮೂರು ಭಾಗದಷ್ಟು ಮಾತ್ರ. ಗಾಜೂ ಹಿಗ್ಗುವ ವಸ್ತುವೇ, ಉಕ್ಕು ಹಿಗ್ಗುವುದರ ಮುಕ್ಕಾಲು ಪಾಲಿನಷ್ಟು. ಇಡೀ ಬಾಟಲಿಯನ್ನು ಬಿಸಿನೀರಿನಲ್ಲಿ ಮುಳುಗಿಸಿ ಕಾಯುತ್ತ ಕುಳಿತರೆ ಮುಚ್ಚಳ ಗಳಿಸಿದ ಸಂದನ್ನು ಗಾಜು ಬಹುಪಾಲು ತುಂಬಿಬಿಡುತ್ತದೆ. ಹಿಗ್ಗಿನ ಲಾಭ ಬೇಕಾದರೆ ಮುಚ್ಚಳ ಮಾತ್ರ ಬಿಸಿಯಾಗಬೇಕು, ಗಾಜಿಗೆ ಬಿಸಿ ತಲುಪುವ ಮೊದಲೇ ತಿರುಗಿಸಬೇಕು.

ಹಾಗಿದ್ದೂ ಬಿಸಿನೀರು ಕೆಲಸ ಮಾಡುತ್ತದೆಯಲ್ಲ? ಮಾಡುತ್ತದೆ, ಹಿಗ್ಗಿಗಿಂತ ಬೇರೆ ಕಾರಣಗಳಿಗೆ. ಒಳ ಅಂಚಿನ ಪದರ ಬಿಸಿಗೆ ಮೆತ್ತಗಾಗಿ ಗಾಜಿನ ಹಿಡಿತ ಬಿಡುತ್ತದೆ. ಮೇಲಿನ ಖಾಲಿ ಜಾಗ ಬೆಚ್ಚಗಾದರೆ ಅಲ್ಲಿನ ಒತ್ತಡ ತುಸು ಏರಿ ಹೊರಗಿನ ಗಾಳಿಗೆ ಎದುರು ನಿಲ್ಲುತ್ತದೆ. ಎಲ್ಲಕ್ಕಿಂತ ಹೆಚ್ಚಾಗಿ, ತಿರುಪಿನಲ್ಲಿ ಒಣಗಿ ಕುಳಿತ ಸಕ್ಕರೆ, ಬೆಲ್ಲ, ಜೇನು ಕರಗುತ್ತದೆ. ನಮ್ಮ ಮನೆಗಳಲ್ಲಿ ಒಮ್ಮೆ ತೆರೆದ ಬಾಟಲಿ ಮತ್ತೆ ತೆರೆಯಲು ಹಟ ಮಾಡುತ್ತಿದ್ದರೆ ಹತ್ತರಲ್ಲಿ ಎಂಟು ಸಲ ತಪ್ಪು ಈ ಅಂಟಿನದೇ ಎಂದು ನನ್ನ ಅಂದಾಜು.

ಮಲೆನಾಡಿನ ಜೋನಿ ಬೆಲ್ಲವನ್ನೇ ತೆಗೆದುಕೊಳ್ಳಿ. ಸಾಗರದ ಕಡೆಯಿಂದ ಯಾರೋ ಹಳೆಯ ಜಾಮ್ ಬಾಟಲಿಯಲ್ಲಿ ತುಂಬಿ ಕಳಿಸಿದ್ದಾರೆ. ದೋಸೆಗೆ ಸುರಿದಾಗಲೆಲ್ಲ ಒಂದೆರಡು ಎಳೆ ತಿರುಪಿನ ಮೇಲೆ ಇಳಿದಿದೆ, ಒರೆಸದೆ ಮುಚ್ಚಲಾಗಿದೆ. ಹದಿನೈದು ದಿನ ಅಟ್ಟದ ಮೇಲೆ ಇದ್ದು ಈಗ ಮುಚ್ಚಳ ಗಾಜಿಗೆ ಬೆಸೆದಂತೆ ಕುಳಿತಿದೆ. ಮುಚ್ಚಳದ ನಡುಭಾಗ ಒತ್ತಿ ನೋಡಿದರೆ 'ಟಿಕ್ ಟಿಕ್' ಎಂದು ಆಡುತ್ತದೆ. ಹಾಗೆ ಆಡಿದರೆ ಒಳಗೆ ಗಾಳಿಯ ಸೆಳೆತವಿಲ್ಲ ಎಂದೇ ಅರ್ಥ. ಇಲ್ಲಿ ಚಮಚ ಹಾಕಿ ಮೀಟಿದರೆ ತಗಡು ಸೊಟ್ಟಗಾಗುವುದು ಬಿಟ್ಟರೆ ಏನೂ ಆಗದು. ಬಾಟಲಿಯನ್ನು ತಲೆಕೆಳಗು ಮಾಡಿ ಬಿಸಿನೀರಿನ ತಟ್ಟೆಯಲ್ಲಿ ನಿಲ್ಲಿಸಿ ಎಂದು ಹೇಳುವವರಿದ್ದಾರೆ. ಬೆಲ್ಲಕ್ಕೂ ಉಪ್ಪಿನಕಾಯಿಗೂ ನಾನು ಅದನ್ನು ಒಪ್ಪುವುದಿಲ್ಲ. ಗಾಳಿಯ ಸೆಳೆತವಿಲ್ಲದ ಮುಚ್ಚಳದ ಸಂದಿನಿಂದ ನೀರು ಒಳಗೆ ಸೇರಬಹುದು, ನೀರು ಸೇರಿದ ಜೋನಿ ಬೆಲ್ಲ ಹುಳಿಯುತ್ತದೆ, ನೀರು ಬಿದ್ದ ಉಪ್ಪಿನಕಾಯಿಗೆ ಬೂಸು ಬರುತ್ತದೆ.

ಬಾಟಲಿ ನೆಟ್ಟಗೇ ಇರಲಿ. ಕೈ ತಡೆಯುವುದಕ್ಕಿಂತ ಸ್ವಲ್ಪ ಹೆಚ್ಚು ಬಿಸಿಯಿರುವ ನೀರಿನಲ್ಲಿ ಕೈವಸ್ತ್ರ ಅದ್ದಿ, ಇಕ್ಕಳದಿಂದ ಎತ್ತಿ, ಹೊರೆಯಾದ ನೀರು ಇಳಿಯಲು ಬಿಟ್ಟು, ಮುಚ್ಚಳದ ಸುತ್ತ ಪಟ್ಟಿಯಂತೆ ಸುತ್ತಿ. ಬಟ್ಟೆಯ ಕೆಳ ಅಂಚು ತಿರುಪು ಮುಗಿಯುವ ಜಾಗಕ್ಕೆ ತಾಕುವಂತಿರಬೇಕು, ಕರಗಬೇಕಾದ ಬೆಲ್ಲ ಇರುವುದು ಅಲ್ಲಿ. ಎರಡು ನಿಮಿಷದಲ್ಲಿ ಬಟ್ಟೆ ತಣಿಯುತ್ತದೆ, ಮತ್ತೊಮ್ಮೆ ಅದ್ದಿ ಸುತ್ತಿ. ತೆಗೆದಾಗ ಬಟ್ಟೆಯ ಮೇಲೆ ಕಂದು ಗೆರೆ ಮೂಡಿದ್ದರೆ ಅಂಟು ಬಿಡುತ್ತಿದೆ ಎಂದು ತಿಳಿಯಿರಿ. ಮೂಡದಿದ್ದರೆ ಇನ್ನೂ ಒಂದೆರಡು ಸುತ್ತು. ಆಮೇಲೆ ಒಣ ಬಟ್ಟೆಯಿಂದ ಮುಚ್ಚಳ ಮತ್ತು ಕುತ್ತಿಗೆ ಎರಡನ್ನೂ ಚೆನ್ನಾಗಿ ಒರೆಸಿಯೇ ತಿರುಗಿಸಿ, ತೆರೆಯುವಾಗ ಅಂಚಿನ ಹನಿ ಒಳಗೆ ಬೀಳಬಾರದು. ಎಣ್ಣೆಯ ಉಪ್ಪಿನಕಾಯಿಯ ವಿಷಯ ತುಸು ಬೇರೆ. ಒಣಗಿದ ಎಣ್ಣೆ ನೀರಿಗೆ ಕರಗದು, ಬಿಸಿಗೆ ಮೆತ್ತಗಾಗುತ್ತದೆ ಅಷ್ಟೆ. ಅದಕ್ಕೆ ಬಿಸಿ ಆರುವ ಮೊದಲೇ ತಿರುಗಿಸಬೇಕು. ಉಪ್ಪು ತಿಂದು ತುಕ್ಕು ಹಿಡಿದ ತಗಡಿನ ಮುಚ್ಚಳವಾದರೆ ತೆರೆದ ಮೇಲೆ ಅದನ್ನು ಎಸೆದು ಬೇರೆ ಬಾಟಲಿಗೆ ತುಂಬುವುದೇ ಲೇಸು.

ಗಾಜಿಗೆ ಬಿಸಿ ತಗಲಿಸುವಾಗ ಒಂದು ಎಚ್ಚರ ಇರಲೇಬೇಕು. ಬಾಟಲಿ ಮಾಡುವ ಸಾಮಾನ್ಯ ಗಾಜು ನಿಧಾನದ ಬಿಸಿಯನ್ನು ತಾಳುತ್ತದೆ, ಹಠಾತ್ ಬಿಸಿಯನ್ನು ತಾಳದು. ಒಂದು ಮಗ್ಗುಲು ಹಿಗ್ಗಿ ಇನ್ನೊಂದು ಮಗ್ಗುಲು ಹಿಗ್ಗದೆ ನಿಂತರೆ ನಡುವೆ ಸೀಳುತ್ತದೆ. 40 ಡಿಗ್ರಿಯಷ್ಟು ದಿಢೀರ್ ವ್ಯತ್ಯಾಸವೇ ಅದಕ್ಕೆ ಅಪಾಯದ ಗಡಿ ಎಂದು ಇಟ್ಟುಕೊಳ್ಳಿ. ಫ್ರಿಜ್ಜಿನಿಂದ 5 ಡಿಗ್ರಿಯಲ್ಲಿ ತೆಗೆದ ಬಾಟಲಿಗೆ ಕುದಿನೀರು ಸುರಿದರೆ ಆ ಗಡಿಯನ್ನು ಎರಡು ಪಟ್ಟಿಗಿಂತ ಹೆಚ್ಚು ದಾಟಿದಂತೆ. ಆದ್ದರಿಂದ ಫ್ರಿಜ್ಜಿನ ಬಾಟಲಿ ಮೊದಲು ಅರ್ಧ ಗಂಟೆ ಹೊರಗಿರಲಿ, ನೀರು ಕುದಿಯುವಂಥದ್ದು ಬೇಡ. ಗ್ಯಾಸ್ ಉರಿಗೆ ಮುಚ್ಚಳ ತೋರಿಸುವುದಂತೂ ಬೇಡವೇ ಬೇಡ: ಒಳಪದರ ಸುಟ್ಟು ನಾರುತ್ತದೆ, ಗಾಜು ಸಿಡಿಯುತ್ತದೆ.

ಅಡುಗೆಮನೆಯಲ್ಲೇ ನಾವು ತಿಳಿಯದೆ ಕಾರ್ಖಾನೆಯ ಕೆಲಸ ಮಾಡುವುದೂ ಇದೆ. ಬೆಳಿಗ್ಗೆ ಹಬೆಯಾಡುವ ಅನ್ನವನ್ನು ಸ್ಟೀಲಿನ ಊಟದ ಡಬ್ಬಿಗೆ ತುಂಬಿ ಗಟ್ಟಿಯಾಗಿ ಮುಚ್ಚುತ್ತೇವೆ. ಮಧ್ಯಾಹ್ನ ಆಫೀಸಿನಲ್ಲಿ ಅದು ತೆರೆಯುವುದಿಲ್ಲ. 80 ಡಿಗ್ರಿಯಲ್ಲಿ ನೀರಿನ ಹಬೆಯ ಒತ್ತಡವೇ ಹೊರಗಾಳಿಯ ಅರ್ಧಕ್ಕೆ ಹತ್ತಿರ ಇರುತ್ತದೆ, ತಣಿದಾಗ ಅಷ್ಟೂ ಮಾಯವಾಗುತ್ತದೆ. ಹೀಗಾಗಿ ಡಬ್ಬಿಯ ಮುಚ್ಚಳ ಜಾಮ್ ಬಾಟಲಿಯ ಮುಚ್ಚಳದಂತೆಯೇ ಗಾಳಿಯ ಭಾರ ಹೊತ್ತು ಕುಳಿತಿರುತ್ತದೆ. ಇಲ್ಲಿ ಗಾಜಿಲ್ಲ, ಹೆದರಬೇಕಿಲ್ಲ. ಇಡೀ ಡಬ್ಬಿಯನ್ನು ಅರ್ಧ ಮುಳುಗುವಂತೆ ಬಿಸಿನೀರಿನ ಪಾತ್ರೆಯಲ್ಲಿ ನಾಲ್ಕೈದು ನಿಮಿಷ ಇಡಿ. ಒಳಗಿನ ಗಾಳಿ ಬೆಚ್ಚಗಾಗುತ್ತದೆ, ಹಬೆ ಮತ್ತೆ ಏಳುತ್ತದೆ, ಮುಚ್ಚಳ ತಾನಾಗಿ ಸಡಿಲಿಸುತ್ತದೆ. ಮುಚ್ಚಿದ ಡಬ್ಬಿಯನ್ನು ನೇರ ಒಲೆಯ ಮೇಲೆ ಇಡುವುದು ಮಾತ್ರ ಸಲ್ಲದು, ಒತ್ತಡ ಹೆಚ್ಚಾದರೆ ಮುಚ್ಚಳ ಹಾರುತ್ತದೆ.

ಮೂರನೆಯ ಆರೋಪಿ ನಮ್ಮ ಕೈ. ತಿರುಗಿಸುವಾಗ ಮುಚ್ಚಳ ಎದುರಾಡುವ ಮೊದಲೇ ಬೆರಳು ಜಾರುತ್ತಿದ್ದರೆ ಬಲ ಸಾಲದು ಎಂದಲ್ಲ, ಹಿಡಿತ ಸಾಲದು. ಒಗ್ಗರಣೆ ಹಾಕಿದ ಎಣ್ಣೆ ಕೈಯಲ್ಲಿ ಯಾವ ಪೈಲ್ವಾನನೂ ಬಾಟಲಿ ತೆರೆಯಲಾರ. ಕೈಯನ್ನೂ ಮುಚ್ಚಳವನ್ನೂ ಸೋಪಿನಿಂದ ತೊಳೆದು ಒಣಗಿಸಿ, ಮುಚ್ಚಳದ ಅಂಚಿಗೆ ಒಂದೆರಡು ಅಗಲದ ರಬ್ಬರ್ ಬ್ಯಾಂಡ್ ಹಾಕಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಇದ್ದರೆ ಇನ್ನೂ ಸುಲಭ, ಹಳೆಯ ಸೈಕಲ್ ಟ್ಯೂಬಿನ ತುಂಡು ಎಲ್ಲಕ್ಕಿಂತ ಗಟ್ಟಿ. ಬಾಟಲಿಯನ್ನು ಗಾಳಿಯಲ್ಲಿ ಎತ್ತಿ ಹಿಡಿದು ತಿರುಗಿಸುವುದಕ್ಕಿಂತ ಸೊಂಟದ ಎತ್ತರದ ಕಟ್ಟೆಯ ಮೇಲೆ ಒದ್ದೆ ಬಟ್ಟೆ ಹಾಸಿ ನಿಲ್ಲಿಸಿ, ಅಂಗೈ ಪೂರ್ತಿ ಮುಚ್ಚಳದ ಮೇಲಿಟ್ಟು, ಮೊಣಕೈಯನ್ನು ಮೈಗೆ ತಾಗಿಸಿ, ಭುಜದಿಂದ ತಿರುಗಿಸಬೇಕು. ಬೆರಳ ಗಿಣ್ಣುಗಳಲ್ಲಿ ಸಂಧಿವಾತ ಇರುವವರಿಗೆ ತಜ್ಞರು ಎಡಗೈಯಲ್ಲಿ ತೆರೆದು ಬಲಗೈಯಲ್ಲಿ ಮುಚ್ಚಲು ಹೇಳುತ್ತಾರೆ. ಬಲಗೈಯಲ್ಲಿ ತೆರೆಯುವಾಗ ಮುಚ್ಚಳದ ಎದುರೊತ್ತು ಬೆರಳುಗಳನ್ನು ಕಿರುಬೆರಳಿನ ಕಡೆಗೆ ತಳ್ಳುತ್ತದೆ, ಸಂಧಿವಾತದ ಕೈ ಸೊಟ್ಟಗಾಗುವುದೂ ಅದೇ ದಿಕ್ಕಿಗೆ. ಎಡಗೈಯಲ್ಲಿ ಅದು ಹೆಬ್ಬೆರಳಿನತ್ತ ತಿರುಗುತ್ತದೆ.

ಟಾನಿಕ್, ಎಸೆನ್ಸ್ ಬಾಟಲಿಗಳಂಥ ಸಣ್ಣ ಮುಚ್ಚಳಗಳಲ್ಲಿ ಬೆರಳಿಗೆ ಸಿಗುವ ಅಳತೆಯೇ ಕಡಿಮೆ. ಅಲ್ಲಿ ಇಕ್ಕಳ ಸನ್ನೆಯಾಗುತ್ತದೆ. ಒಂದೂವರೆ ಸೆಂಟಿಮೀಟರ್ ದೂರದಲ್ಲಿ ಹಿಡಿಯುತ್ತಿದ್ದ ಬೆರಳ ಬದಲು 15 ಸೆಂಟಿಮೀಟರ್ ದೂರದಿಂದ ತಿರುಗಿಸಿದರೆ ಬಲ ಹತ್ತು ಪಟ್ಟು. ಆ ಹತ್ತು ಪಟ್ಟು ಗಾಜಿನ ತೆಳು ಕುತ್ತಿಗೆಗೂ ಬೀಳುತ್ತದೆ ಎಂಬುದು ನೆನಪಿರಲಿ. ಇಕ್ಕಳವನ್ನು ಬಿಗಿಯಾಗಿ ಹಿಂಡಿದರೆ ಪ್ಲಾಸ್ಟಿಕ್ ಮುಚ್ಚಳ ಒಳಕ್ಕೆ ಅದುಮಿಕೊಂಡು ತಿರುಪನ್ನು ಇನ್ನಷ್ಟು ಹಿಡಿಯುತ್ತದೆ. ಔಷಧಿ ಬಾಟಲಿಗೆ ಇಕ್ಕಳ ಹಾಕುವ ಮೊದಲು ಮುಚ್ಚಳದ ಮೇಲೆ ಏನು ಬರೆದಿದೆ ನೋಡಿ. ಮಕ್ಕಳ ಕೈಗೆ ತೆರೆಯದಿರಲೆಂದು ಕೆಲವನ್ನು ಕೆಳಕ್ಕೆ ಒತ್ತಿ ತಿರುಗಿಸುವಂತೆ ಮಾಡಿರುತ್ತಾರೆ, ಒತ್ತದಿದ್ದರೆ 'ಟರ ಟರ' ಎಂದು ಬರಿದೇ ತಿರುಗುತ್ತಿರುತ್ತದೆ. ಅಲ್ಯೂಮಿನಿಯಂ ಮುಚ್ಚಳ ತನ್ನ ಕೆಳಗಿನ ಬಳೆಯನ್ನೂ ಎಳೆದುಕೊಂಡು ತಿರುಗುತ್ತಿದ್ದರೆ ಬಲ ಎಷ್ಟು ಹಾಕಿದರೂ ವ್ಯರ್ಥ. ಮುಚ್ಚಳಕ್ಕೂ ಬಳೆಗೂ ನಡುವಿನ ಸಣ್ಣ ಕೊಂಡಿಗಳು ಹರಿದಿಲ್ಲ ಎಂದರ್ಥ. ಬಾಟಲಿಯನ್ನು ಕಟ್ಟೆಯ ಮೇಲೆ ಮಲಗಿಸಿ, ಕತ್ತರಿಯ ತುದಿಯಿಂದ ಕೈಗೆ ದೂರವಾಗಿ ಆ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸಿ.

ಕೆಲವು ಮುಚ್ಚಳಗಳನ್ನು ತೆರೆಯಲೇಬಾರದು, ಬಿಸಿ ಮಾಡಲಂತೂ ಬಾರದು. ಸೋಡಾ, ತಂಪುಪಾನೀಯಗಳ ಬಾಟಲಿಯಲ್ಲಿ ಒತ್ತಡ ಇರುವುದೇ ಒಳಗಿನಿಂದ. ಬೆಚ್ಚಗಾದಷ್ಟೂ ಅದು ಏರುತ್ತದೆ, ಸಡಿಲಿಸಿದ ಮುಚ್ಚಳ ಕಣ್ಣಿಗೆ ಚಿಮ್ಮಬಹುದು. ಅವಕ್ಕೆ ತಣಿಸುವುದು, ರಬ್ಬರಿನ ಹಿಡಿತ, ಇವೆರಡೇ ದಾರಿ. ಶೌಚಾಲಯದ ಆ್ಯಸಿಡ್, ಬ್ಲೀಚ್‌ನಂಥವುಗಳಿಗೆ ಬಿಸಿಯೂ ಬೇಡ, ಚಮಚವೂ ಬೇಡ. ಜಾಮ್, ಉಪ್ಪಿನಕಾಯಿ, ಸಾಸ್ ಬಾಟಲಿಯ ಮುಚ್ಚಳ ತಗ್ಗಾಗಿರುವ ಬದಲು ಉಬ್ಬಿದ್ದರೆ, ತೆರೆದಾಗ ಗಾಳಿ ಒಳಹೋಗುವ ಬದಲು 'ಬುಸ್' ಎಂದು ಹೊರಬಂದರೆ ಒಳಗೆ ಸೂಕ್ಷ್ಮಜೀವಿಗಳು ಅನಿಲ ಮಾಡಿವೆ ಎಂದು ಸಂಶಯಪಡಬೇಕು. ಹುಳಿ ಕಡಿಮೆ ಇರುವ ಪದಾರ್ಥಗಳಲ್ಲಿ ಬಾಟ್ಯುಲಿಸಂ ತರುವ ಮಾರಕ ವಿಷ ಹುಟ್ಟಬಹುದು, ಅದಕ್ಕೆ ವಾಸನೆಯಾಗಲಿ ಬಣ್ಣವಾಗಲಿ ಇರಬೇಕೆಂದಿಲ್ಲ. ನಾಲಿಗೆಗೆ ತಾಗಿಸಿ ನೋಡುವ ಅಭ್ಯಾಸ ಇಲ್ಲಿ ಬೇಡ, ಬಾಟಲಿ ಸಮೇತ ಬಿಸಾಡಿ. ಅಂಗಡಿಯಲ್ಲೇ ಮುಚ್ಚಳದ ನಡುಭಾಗ ಒತ್ತಿ ನೋಡಿ. ಆಡಿದರೆ ಅದನ್ನು ಅಲ್ಲೇ ಬಿಟ್ಟು ಬೇರೆಯದನ್ನು ಕೇಳಿ.

ಇಷ್ಟೆಲ್ಲ ಮಾಡಿಯೂ ತೆರೆಯದ ತಗಡಿನ ಮುಚ್ಚಳಕ್ಕೆ ಕೊನೆಯ ಉಪಾಯವೊಂದಿದೆ. ನಡುವೆ ಮೊಳೆಯಿಂದ ಒಂದು ಸಣ್ಣ ತೂತು ಮಾಡಿದರೆ ಗಾಳಿ ಒಳಹೋಗಿ ಸೆಳೆತ ತಪ್ಪುತ್ತದೆ. ತಗಡಿನ ಬಣ್ಣದ ಚೂರು ಒಳಗೆ ಬೀಳಬಹುದಾದ್ದರಿಂದ ಮೇಲಿನ ಪದರವನ್ನು ಚಮಚದಿಂದ ತೆಗೆದು ಎಸೆದು, ಉಳಿದದ್ದನ್ನು ಅಂದೇ ಬೇರೆ ಬಾಟಲಿಗೆ ವರ್ಗಾಯಿಸಿ. ಚಮಚದಿಂದ ಮೀಟಿದ ಮುಚ್ಚಳವೂ ಅಂಚಿನಲ್ಲಿ ಬಾಗಿರುತ್ತದೆ. ಫ್ರಿಜ್ಜಿನಲ್ಲಿಟ್ಟು ವಾರದಲ್ಲಿ ಮುಗಿಸುವ ಜಾಮಿಗೆ ಅದು ನಡೆಯುತ್ತದೆ, ವರ್ಷವಿಡೀ ಇಡುವ ಮಿಡಿ ಉಪ್ಪಿನಕಾಯಿಗೆ ನಡೆಯದು. ತೆರೆದ ಕೂಡಲೇ ಗಾಜಿನ ಬಾಯಿಯನ್ನು ಬೆಳಕಿಗೆ ಹಿಡಿದು ಸುತ್ತ ನೋಡಿ. ಬೆರಳು ಹಾಯಿಸಬೇಡಿ, ಕುಯ್ಯಬಹುದು. ಎಲ್ಲಿಯಾದರೂ ಹೊಸ ಚಕ್ಕೆ ಎದ್ದಿದ್ದರೆ ಸೋಸಿ ಉಳಿಸಿಕೊಳ್ಳುವ ಆಸೆ ಬೇಡ, ಒಳಗಿನದೆಲ್ಲ ಕಸಕ್ಕೆ. ಚಕ್ಕೆ ಇಲ್ಲದಿದ್ದರೆ ತಿರುಪನ್ನು ಬಿಸಿನೀರಿನ ಬಟ್ಟೆಯಿಂದ ಒಮ್ಮೆ, ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಮುಚ್ಚಿ.